ಅಪ್‌ಡೇಟ್: ಪೋಸ್ಟರ್ ಸಾರಾಂಶ ಎರಡು ಪುಟಕ್ಕೆ ಇಳಿಯಿತು

ನನ್ನ ಹಿಂದಿನ ಪ್ರಶ್ನೆ: ಸಮ್ಮೇಳನದ ಪೋಸ್ಟರ್‌ಗೆ ಕಳಿಸುವ ವಿಸ್ತೃತ ಸಾರಾಂಶಕ್ಕೆ ಎರಡೇ ಪುಟ. ವಿಧಾನವೇ ಒಂದೂವರೆ ಪುಟ ತಿನ್ನುತ್ತಿದೆ. ಏನು ಬಿಡಲಿ?

ಅಪ್‌ಡೇಟ್: ಕಳಿಸಿಯಾಯಿತು, ಪೋಸ್ಟರ್‌ಗೆ ಒಪ್ಪಿಗೆಯೂ ಸಿಕ್ಕಿತು. ಎಲ್ಲರಿಗೂ ಥ್ಯಾಂಕ್ಸ್.

ನನ್ನ ವಿಷಯ, ಅಗ್ಗದ ಮಣ್ಣಿನ ತೇವಾಂಶ ಸೆನ್ಸರ್ ಬಿಸಿಲಿಗೆ ತಪ್ಪು ಅಳತೆ ಕೊಡುವುದು. ಮಣ್ಣನ್ನು ಒಣಗಿಸಿ ತೂಗುವ ಕ್ರಮಕ್ಕೆ ಒಂದು ಪ್ಯಾರಾ ಬರೆದಿದ್ದೆ. ಈಗ ಉಳಿದದ್ದು ಇಷ್ಟೇ: '105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ತೂಗಿದ ತೇವಾಂಶದೊಂದಿಗೆ ಹೋಲಿಸಿದೆವು.' ಈ ಕ್ಷೇತ್ರದವರಿಗೆ ಅದು ಸಾಕು, ಅಲ್ವಾ? ಉಳಿದ ಜಾಗವೆಲ್ಲ ನಾವು ಹೊಸದಾಗಿ ಮಾಡಿದ ತಾಪಮಾನ ತಿದ್ದುಪಡಿಗೆ ಹೋಯಿತು.

ಜಾಸ್ತಿ ಹೊತ್ತು ಹಿಡಿದದ್ದು ಫಲಿತಾಂಶ. 'ಫಲಿತಾಂಶಗಳನ್ನು ಚರ್ಚಿಸಲಾಗುವುದು' ಅನ್ನುವ ಸಾಲು ಸುಮ್ನೆ ಜಾಗ ನುಂಗುತ್ತದೆ, ವಿಮರ್ಶಕರಿಗೆ ಏನೂ ಹೇಳುವುದಿಲ್ಲ. ಅದನ್ನು ತೆಗೆದು, ತಿದ್ದುಪಡಿಗೆ ಮೊದಲಿನ ಮತ್ತು ನಂತರದ ಸರಾಸರಿ ದೋಷವನ್ನು ಒಂದೇ ವಾಕ್ಯದಲ್ಲಿ, ಎಷ್ಟು ಮಾದರಿಗಳ ಮೇಲೆ ಎಂಬುದರ ಜೊತೆ ಕೊಟ್ಟೆ. ಇದ್ದ ಮೂರು ಚಿತ್ರಗಳಲ್ಲಿ ಒಂದನ್ನೇ ಇಟ್ಟುಕೊಂಡೆ: ಅಡ್ಡಕ್ಕೆ ತಾಪಮಾನ, ಉದ್ದಕ್ಕೆ ದೋಷ. ಸಮಸ್ಯೆ ಏನೆಂದು ಹೇಳುವುದಕ್ಕೆ ಮೂರೇ ವಾಕ್ಯ ಇಟ್ಟೆ.

ಮಹತ್ವದ ಭಾಗದಲ್ಲಿ 'ಕೃಷಿಗೆ ಉಪಯುಕ್ತ' ಎಂದಿತ್ತು. ಅದು ಯಾವ ಸೆನ್ಸರ್‌ಗೂ ಹೊಂದುವ ಮಾತು. ಬದಲಿಗೆ, ಇದೇ ಸೆನ್ಸರ್‌ಗೆ ತಾಪಮಾಪಕ ಸೇರಿಸಿದರೆ ಮಧ್ಯಾಹ್ನದ ಅಳತೆಯನ್ನೂ ನಂಬಬಹುದು, ಆದರೆ ಜೇಡಿಮಣ್ಣಿನಲ್ಲಿ ಪರೀಕ್ಷಿಸಿಲ್ಲ ಎಂದು ಬರೆದೆ. ವಿಮರ್ಶಕರೊಬ್ಬರು ಕೇಳಿದ್ದೂ ಜೇಡಿಮಣ್ಣಿನ ಬಗ್ಗೆಯೇ.