ಸಹಾಯ ಬೇಕು: ಪ್ರಶ್ನೆಕೋಶದಲ್ಲಿ ಕಠಿಣತೆ ಗುರುತಿಸುವುದು ಹೇಗೆ?

ನಮಸ್ಕಾರ. ನಾನು ಕಾಸರಗೋಡಿನ ಕಾಲೇಜೊಂದರ ಕನ್ನಡ ವಿಭಾಗದವಳು. ಗೂಗಲ್ ಶೀಟಿನಲ್ಲಿ ನಾವು ಮೂವರು ಪ್ರಶ್ನೆಕೋಶ ಮಾಡುತ್ತಿದ್ದೇವೆ. ಪಾಠಭಾಗ, ಕಠಿಣತೆ, ಅಂಕ, ಕೊನೆಯ ಸಲ ಕೇಳಿದ ವರ್ಷ, ಇಷ್ಟು ಕಾಲಂ ಇದೆ. ಪಾಠಭಾಗವನ್ನು ಡ್ರಾಪ್‌ಡೌನ್‌ನಿಂದಲೇ ಆರಿಸುವಂತೆ ಮಾಡಿದ ಮೇಲೆ 'ಸಂಧಿ', 'ಸಂಧಿಗಳು' ಎಂಬ ಗೊಂದಲ ತಪ್ಪಿತು.

ತೊಡಕಿರುವುದು ಕಠಿಣತೆಯಲ್ಲಿ. 2 ಅಂಕದ್ದೆಲ್ಲ ಸುಲಭ, 10 ಅಂಕದ್ದೆಲ್ಲ ಕಠಿಣ ಎಂದು ಗುರುತಾಗಿಬಿಟ್ಟಿದೆ. ಆದರೆ ಲೋಪಸಂಧಿಗೂ ಸವರ್ಣದೀರ್ಘ ಸಂಧಿಗೂ ಇರುವ ವ್ಯತ್ಯಾಸ ಕೇಳಿದ 2 ಅಂಕದ ಪ್ರಶ್ನೆಯಲ್ಲಿ 40 ಮಕ್ಕಳ ಪೈಕಿ 12 ಮಂದಿಗಷ್ಟೇ ಪೂರ್ಣ ಅಂಕ ಬಂತು. ಹಾಗಾಗಿ ನಮ್ಮ ಅಂದಾಜಿಗೊಂದು ಕಾಲಂ, ಪೂರ್ಣ ಅಂಕ ಪಡೆದವರ ಪಾಲಿಗೆ (12/40 = 0.30) ಇನ್ನೊಂದು ಕಾಲಂ ಇಡೋಣವೆಂದಿದ್ದೇನೆ.

ಒಂದೇ ತರಗತಿಯ ಅಂಕ ನೋಡಿ ಗುರುತು ಬದಲಿಸಬಹುದೇ? 10 ಅಂಕದ ಪ್ರಬಂಧ ಪ್ರಶ್ನೆಗೆ ಪೂರ್ಣ ಅಂಕ ಯಾರಿಗೂ ಬರುವುದಿಲ್ಲ, ಅಲ್ಲಿ ಸರಾಸರಿ ಹಿಡಿಯಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.