ಸಹಾಯ ಬೇಕು: ಮೂರು ಬಿಟ್ ಕೌಂಟರ್ ನಡುವೆ ಹಾರುತ್ತಿದೆ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ರೂಮಿನಲ್ಲೇ ಬ್ರೆಡ್‌ಬೋರ್ಡ್ ಮೇಲೆ 0ರಿಂದ 7ರವರೆಗೆ ಎಣಿಸುವ ಸಿಂಕ್ರೊನಸ್ ಕೌಂಟರ್ ಮಾಡುತ್ತಿದ್ದೇನೆ.

ಎಕ್ಸೈಟೇಶನ್ ಟೇಬಲ್ ಬರೆದೆ. ಡಿ ಫ್ಲಿಪ್-ಫ್ಲಾಪ್‌ಗೆ ಅದು ಸುಲಭ, ಮುಂದಿನ ಸ್ಥಿತಿಯೇ ಡಿ. ಉದಾಹರಣೆಗೆ 011 ಆದ ಮೇಲೆ 100 ಬರಬೇಕು, ಹಾಗಾಗಿ ಆ ಸಾಲಿನಲ್ಲಿ D2=1, D1=0, D0=0. ಕೊನೆಗೆ ಸಿಕ್ಕಿದ್ದು:

```
D0 = Q0'
D1 = Q1 XOR Q0
D2 = Q2 XOR (Q1 AND Q0)
```

ಮೊದಲು ಕೈಗೆ ಸಿಕ್ಕ 7475 ಹಾಕಿದೆ. ಎಡವಟ್ಟಾಯಿತು! ಅದು ಲ್ಯಾಚ್. ಎನೇಬಲ್ ಮೇಲಿರುವಷ್ಟು ಹೊತ್ತೂ ಬಾಗಿಲು ತೆರೆದೇ ಇರುತ್ತದೆ. Q0 ಬದಲಾದರೆ D0 ಬದಲಾಗುತ್ತದೆ, ಅದು ಮತ್ತೆ Q0 ಬದಲಿಸುತ್ತದೆ. ಎಲ್‌ಇಡಿ ಮಂಕಾಗಿ ಉರಿಯಿತು, ಎನೇಬಲ್ ಇಳಿದಾಗ ಯಾವುದೋ ಒಂದು ಸಂಖ್ಯೆ ನಿಂತಿತು.

ಈಗ ಎರಡು 7474 ಹಾಕಿದ್ದೇನೆ. ಇದು ಕ್ಲಾಕ್ ಏರುವ ಅಂಚಿನಲ್ಲಿ ಮಾತ್ರ ಡಿ ನೋಡುತ್ತದೆ. 555ರಿಂದ ಸೆಕೆಂಡಿಗೊಂದು ಪಲ್ಸ್ ಕೊಟ್ಟರೆ ಸರಿಯಾಗಿ ಎಣಿಸುತ್ತದೆ. ಆದರೆ ಪುಶ್ ಬಟನ್ ಒತ್ತಿದರೆ 1ರಿಂದ 4ಕ್ಕೆ, ಕೆಲವೊಮ್ಮೆ 2ರಿಂದ 4ಕ್ಕೆ ಹಾರುತ್ತದೆ. ಹಾಗಾದರೆ ಟೇಬಲ್ ತಪ್ಪಿಲ್ಲ, ಬಟನ್ನಿನ ಬೌನ್ಸ್ ಅಲ್ವಾ? ಒಂದೇ ಒತ್ತಿಗೆ ಹಲವು ಅಂಚುಗಳು ಹೋಗುತ್ತಿರಬೇಕು.

7400ರ ಎರಡು ನ್ಯಾಂಡ್‌ನಿಂದ ಎಸ್‌ಆರ್ ಲ್ಯಾಚ್ ಕಟ್ಟಿ ಬೌನ್ಸ್ ತಡೆಯಬಹುದು ಅಂತ ಸೀನಿಯರ್ ಒಬ್ಬರು ಹೇಳಿದರು. (ಬೇಡ ಅಂತ ಕಿತ್ತಿಟ್ಟ ಲ್ಯಾಚೇ ಮತ್ತೆ ಬೇಕಾಯಿತು ನೋಡಿ.) ಅದಕ್ಕೆ ಎರಡು ಕಡೆ ತಾಗುವ ಸ್ವಿಚ್ಚೇ ಬೇಕಾ? ನನ್ನ ಹತ್ತಿರ ಇರುವುದು ಸಾಮಾನ್ಯ ಎರಡು ಕಾಲಿನ ಬಟನ್. ರೆಸಿಸ್ಟರ್, ಕೆಪಾಸಿಟರ್ ಹಾಕಿ ನಿಧಾನವಾಗಿ ಏರುವ ಕ್ಲಾಕನ್ನು ನೇರ 7474ಗೆ ಕೊಡಬಹುದಾ, ನಡುವೆ 7414 ಬೇಕೇ ಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.