ವಾಟ್ಸಾಪ್‌ನಲ್ಲಿ ಬಂದ ಬೇರಿಂಗ್ ಬ್ರಾಕೆಟ್ ಡ್ರಾಯಿಂಗ್: ಕಿವಿ ಉಲ್ಟಾ ಬಂತು, 52ರ ಪಕ್ಕ ಇರೋದು H7 ಅಥವಾ N7?

ಲೇತ್‌ಮನೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಒಂದು ಲೇತ್, ಒಂದು ಮಿಲ್ಲಿಂಗ್ ಮೆಷಿನ್ ಇದೆ. ಚನ್ನಗಿರಿ ಕಡೆಯ ಪಾರ್ಟಿಯೊಬ್ಬರು ಅಡಿಕೆ ಸುಲಿಯುವ ಮೆಷಿನ್‌ಗೆ ಬೇರಿಂಗ್ ಬ್ರಾಕೆಟ್ ಎರಡು ಬೇಕು ಅಂತ ಡ್ರಾಯಿಂಗಿನ ಫೋಟೋ ಕಳಿಸಿದ್ದಾರೆ. ಬೇರಿಂಗ್ 6205.

ಎಡಗಡೆ ಫ್ರಂಟ್ ವ್ಯೂ ಇದೆ. ಅದರಲ್ಲಿ 12 ಎಂಎಂ ಪ್ಲೇಟ್ ಅಂಚಿನಿಂದ ಕಾಣುತ್ತದೆ, ಬೇರಿಂಗ್ ಕೂರುವ ಬಾಸ್ ಪ್ಲೇಟಿನ ಎಡಕ್ಕೆ ಚಾಚಿಕೊಂಡಿದೆ. ಅದರ ಬಲಕ್ಕೆ ಇನ್ನೊಂದು ವ್ಯೂ. ಅಲ್ಲಿ ಪ್ಲೇಟ್ ಪೂರ್ತಿ ಕಾಣುತ್ತದೆ, ನಡುವೆ ಬೋರ್, ಬಲ ಅಂಚಿನಲ್ಲಿ 10 ಎಂಎಂ ತೂತಿರುವ ಕಿವಿ. ಬಲಗಡೆ ಇಟ್ಟಿದ್ದಾರೆ, ಅಂದ ಮೇಲೆ ಬಲದಿಂದ ನೋಡಿದ್ದು ಅಂತ ಓದಿಕೊಂಡು ಒಂದು ಪೀಸ್ ಮಾಡಿದೆ. ಅದರ ಫೋಟೋ ಕಳಿಸಿದರೆ ಪಾರ್ಟಿ "ಕಿವಿ ಆ ಕಡೆ ಬರಬೇಕಿತ್ತು" ಅಂತಾರೆ. ನಾನು ತಪ್ಪು ಓದಿದ್ದೆಲ್ಲಿ?

ಎರಡನೇದು, ಬೋರಿನ ಪಕ್ಕ 52 ಬರೆದು ಒಂದು ಅಕ್ಷರ, ಆಮೇಲೆ 7 ಇದೆ. ಜೂಮ್ ಮಾಡಿದರೆ H ಥರವೂ ಕಾಣುತ್ತದೆ, N ಥರವೂ ಕಾಣುತ್ತದೆ. ಬೋರ್ ಈಗ 50ಕ್ಕೆ ರಫ್ ಮಾಡಿ ನಿಲ್ಲಿಸಿದ್ದೇನೆ. ಫೋಟೋದಲ್ಲಿ ಡ್ರಾಯಿಂಗಿನ ಕೆಳಗಿನ ಮೂಲೆ ಬಂದಿಲ್ಲ.

ಕ್ಯಾಡ್_ಹುಡುಗ

ಅಣ್ಣಾ, ಇಂಡಿಯಾದಲ್ಲಿ ಎಲ್ಲಾ ಫಸ್ಟ್ ಆಂಗಲ್. ನಮಗೆ ಡಿಪ್ಲೊಮಾದಲ್ಲಿ ಹೇಳಿಕೊಟ್ಟಿದ್ದೂ ಅದೇ. ಬಲಗಡೆ ಇಟ್ಟ ವ್ಯೂ ಅಂದರೆ ಎಡದಿಂದ ನೋಡಿದ್ದು. ಕಣ್ಣು ಮುಚ್ಚಿ ಫಸ್ಟ್ ಆಂಗಲ್ ಅಂತ ತಗೊಳ್ಳಿ. ಬೇರಿಂಗ್ ಟೈಟಾಗಿ ಕೂತರೆ ಒಳ್ಳೇದು ಅಲ್ವಾ, ಹಾಗಾಗಿ N7 ಮಾಡಿ. ಅಳತೆ ಕಾಣದೇ ಇದ್ದರೆ 52ರ ಸರ್ಕಲ್ ಎಷ್ಟು ಪಿಕ್ಸೆಲ್ ಇದೆ ನೋಡಿ, ಆ ಲೆಕ್ಕದಲ್ಲಿ ಉಳಿದದ್ದು ಅಳೆದುಕೊಳ್ಳಬಹುದು.

ಹರಿಹರದ_ಹಳಬ

ಕ್ಯಾಡ್ ಹುಡುಗ ಹೇಳಿದ್ದರಲ್ಲಿ ಮೊದಲನೇದು ಅರ್ಧ ಸರಿ. ನಮ್ಮ ಐಎಸ್ ಪದ್ಧತಿ ಫಸ್ಟ್ ಆಂಗಲ್ಲೇ. ಆದರೆ ಅಮೆರಿಕದ ಮೆಷಿನ್ ನೋಡಿ ಮಾಡಿದ ಡ್ರಾಯಿಂಗ್ ಥರ್ಡ್ ಆಂಗಲ್‌ನಲ್ಲಿ ಇರುತ್ತದೆ. ಕಂಪ್ಯೂಟರಿನಲ್ಲಿ ಟೆಂಪ್ಲೇಟ್ ಬದಲಾಯಿಸದೆ ಬರೆದ ನಮ್ಮವರ ಡ್ರಾಯಿಂಗೂ ಎಷ್ಟೋ ಸಲ ಹಾಗೇ ಬಂದಿರುತ್ತದೆ. ಕಣ್ಣು ಮುಚ್ಚಿ ತಗೊಳ್ಳೋದು ಬೇಡ, ಡ್ರಾಯಿಂಗನ್ನೇ ಕೇಳೋಣ. ಮೂಲೆಯ ಗುರುತು ಇಲ್ಲದಿದ್ದರೂ ಈ ಪೀಸಿನಲ್ಲಿ ಅದು ಗೊತ್ತಾಗುತ್ತದೆ.

ಫ್ರಂಟ್ ವ್ಯೂನಲ್ಲಿ ಬಾಸ್ ಎಡಕ್ಕಿದೆ ಅಂದಿರಿ. ಈಗ ಬಲಗಡೆಯ ವ್ಯೂನಲ್ಲಿ ಬಾಸಿನ ಹೊರ ಸರ್ಕಲ್ ನೋಡಿ. ಎಡದಿಂದ ನೋಡಿದ್ದಾದರೆ ಬಾಸ್ ನಿಮ್ಮ ಕಣ್ಣೆದುರಿಗೇ ಬರುತ್ತದೆ, ಸರ್ಕಲ್ ಪೂರ್ತಿ ಗೆರೆಯಲ್ಲಿ ಇರಬೇಕು. ಬಲದಿಂದ ನೋಡಿದ್ದಾದರೆ ಬಾಸ್ ಪ್ಲೇಟಿನ ಹಿಂದೆ ಮರೆಯಾಗುತ್ತದೆ, ಆಗ ಅದೇ ಸರ್ಕಲ್ ಡಾಟೆಡ್ ಗೆರೆಯಲ್ಲಿ ಇರಬೇಕು.

ಇದಕ್ಕೆ ಎರಡನೇ ಸಾಕ್ಷಿ ಕಿವಿ. ಎಡಗಡೆ ನಿಂತು ಬಲಕ್ಕೆ ಮುಖ ಮಾಡಿದರೆ ಪೀಸಿನ ಮುಂಭಾಗ ನಿಮ್ಮ ಬಲಗೈ ಕಡೆ ಇರುತ್ತದೆ. ಆಗ ಬಲದಲ್ಲಿ ಕಾಣುವ ಕಿವಿ ಪೀಸಿನ ಮುಂದಕ್ಕೆ ಇದೆ ಅಂತ ಅರ್ಥ. ಅದು ಮುಂದಿದ್ದರೆ ಫ್ರಂಟ್ ವ್ಯೂನಲ್ಲಿ ಪ್ಲೇಟಿನ ಅಂಚಿನ ಮೇಲೆ ಕಿವಿಯ ಮೇಲುಗೆರೆ, ಕೆಳಗೆರೆ ಎರಡೂ ಪೂರ್ತಿ ಗೆರೆಯಾಗಿ ಕಾಣಬೇಕು. ಹಿಂದಿದ್ದರೆ ಅವು ಡಾಟೆಡ್ ಆಗಿರುತ್ತವೆ.

ಒಂದು ಎಚ್ಚರಿಕೆ. ವಾಟ್ಸಾಪ್ ಫೋಟೋ ಒತ್ತಿ ಸಣ್ಣದು ಮಾಡುತ್ತದೆ. ಡಾಟೆಡ್ ಗೆರೆಯ ಸಂದುಗಳು ಮುಚ್ಚಿಹೋಗಿ ಪೂರ್ತಿ ಗೆರೆಯ ಹಾಗೆ ಕಾಣಬಹುದು. ಅದಕ್ಕೆ ಮೊದಲು ಫ್ರಂಟ್ ವ್ಯೂನಲ್ಲಿ ಬಾಸಿನೊಳಗೆ ಹಾದುಹೋಗುವ ಬೋರಿನ ಗೆರೆಗಳನ್ನು ನೋಡಿ. ಅದು ಸೆಕ್ಷನ್ ಅಲ್ಲದಿದ್ದರೆ ಅವು ಡಾಟೆಡ್ ಇರಲೇಬೇಕು. ಅಲ್ಲಿ ಸಂದು ಬಿಡಿ ಬಿಡಿಯಾಗಿ ಕಂಡರೆ ಫೋಟೋವನ್ನು ನಂಬಬಹುದು.

ಲೇತ್‌ಮನೆ_ದಾವಣಗೆರೆ

ಸರ್, ಈಗಲೇ ನೋಡಿದೆ. ಬೋರಿನ ಗೆರೆಯಲ್ಲಿ ಸಂದು ಚೆನ್ನಾಗಿ ಕಾಣುತ್ತದೆ, ಸೆಕ್ಷನ್ ಗೀಟುಗಳಿಲ್ಲ. ಬಾಸಿನ ಸರ್ಕಲ್ ಪೂರ್ತಿ ಗೆರೆ. ಕಿವಿಯ ಎರಡು ಗೆರೆಗಳೂ ಪೂರ್ತಿ. ಹಾಗಾದರೆ ಇದು ಫಸ್ಟ್ ಆಂಗಲ್, ಕಿವಿ ಮುಂದಕ್ಕೆ ಬರಬೇಕಿತ್ತು. ಇದಕ್ಕೆ ಮುಂಚೆ ಮಾಡಿದ ಕೆಲಸದ ಡ್ರಾಯಿಂಗ್‌ಗಳೆಲ್ಲ ಥರ್ಡ್ ಆಂಗಲ್ ಇದ್ದವು, ಅದೇ ರೂಢಿಯಲ್ಲಿ ಓದಿಬಿಟ್ಟೆ.

ಹರಿಹರದ_ಹಳಬ

ಎರಡು ಸಾಕ್ಷಿಯೂ ಒಂದೇ ಮಾತು ಹೇಳುತ್ತಿವೆ, ಸಾಕು. ಎರಡು ಮುಖವೂ ಒಂದೇ ಥರ ಇರುವ ಪೀಸಿನಲ್ಲಿ, ಎಲ್ಲಾ ತೂತೂ ಆರುಪಾರು ಇದ್ದರೆ, ಈ ಪರೀಕ್ಷೆ ನಡೆಯುವುದಿಲ್ಲ. ಆಗ ಮೂಲೆಯ ಗುರುತೇ ಬೇಕು.

ಈಗ ಅಕ್ಷರದ ವಿಷಯ. ಅದನ್ನು ಎಷ್ಟು ಜೂಮ್ ಮಾಡಿದರೂ ತೀರ್ಮಾನ ಆಗುವುದಿಲ್ಲ, ಯಾಕೆಂದರೆ ಎರಡೂ ಬೋರಿಗೆ ಬರೆಯುವಂಥ ಅಕ್ಷರಗಳೇ. 52 H7 ಅಂದರೆ ಬೋರ್ 52.000ರಿಂದ 52.030. 52 N7 ಅಂದರೆ 51.961ರಿಂದ 51.991. ಮಾಮೂಲಿ 6205ರ ಹೊರ ವ್ಯಾಸ 51.987ರಿಂದ 52.000 ಇರುತ್ತದೆ. ಅಂದರೆ H7ನಲ್ಲಿ ಬೇರಿಂಗ್ ಕೈಯಲ್ಲಿ ಜಾರಿ ಕೂರುತ್ತದೆ, N7ನಲ್ಲಿ ಹೆಚ್ಚುಕಡಿಮೆ ಯಾವಾಗಲೂ ಪ್ರೆಸ್ ಮಾಡಬೇಕು.

ಯಾವುದು ಅಂತ ತಿಳಿಯಲು ಮೆಷಿನ್ ನೋಡಬೇಕು. ಶಾಫ್ಟ್ ತಿರುಗಿ ಬ್ರಾಕೆಟ್ ಫ್ರೇಮಿಗೆ ಬೋಲ್ಟ್ ಆಗಿ ನಿಂತಿದ್ದರೆ ಒಳ ರಿಂಗ್ ಶಾಫ್ಟಿಗೆ ಬಿಗಿಯಾಗಿರಬೇಕು, ಬೋರ್ H7 ಸಾಕು. ಒಳಗಿನ ಶಾಫ್ಟ್ ನಿಂತು ಹೊರಗಿನ ಬಾಡಿಯೇ ತಿರುಗುವ ಐಡ್ಲರ್ ಪುಲ್ಲಿಯಂಥದ್ದಾದರೆ ಹೊರ ರಿಂಗ್ ಬಿಗಿಯಾಗಿರಬೇಕು, ಅಲ್ಲಿ N7 ಬರುತ್ತದೆ.

ಕ್ಯಾಡ್ ಹುಡುಗನಿಗೆ: ಟೈಟ್ ಇದ್ದರೆ ಒಳ್ಳೇದು ಅನ್ನೋದು ಎಲ್ಲಾ ಕಡೆ ನಡೆಯಲ್ಲ ತಮ್ಮಾ. ಹೊರ ರಿಂಗ್ ಹಿಂಡಿದರೆ ಬಾಲುಗಳ ಸುತ್ತ ಇರುವ ಸಂದು ಕಡಿಮೆಯಾಗಿ ಬೇರಿಂಗ್ ಬಿಸಿಯಾಗುತ್ತದೆ. ಅಷ್ಟೇ ಅಲ್ಲ, ಶಾಫ್ಟಿಗೆ ಎರಡು ತುದಿ ಇದೆ. ಓಡಿ ಬಿಸಿಯಾದಾಗ ಶಾಫ್ಟ್ ಉದ್ದ ಆಗುತ್ತದೆ, ಒಂದು ಕಡೆಯ ಬೇರಿಂಗ್ ಆದರೂ ಬೋರಿನಲ್ಲಿ ಜಾರಲು ಜಾಗ ಇರಬೇಕು. ಎರಡೂ ಕಡೆ N7 ಮಾಡಿದರೆ ಆ ಬೆಳವಣಿಗೆ ಪೂರ್ತಿ ಬಾಲುಗಳ ಮೇಲೆ ಬೀಳುತ್ತದೆ.

ಚಳ್ಳಕೆರೆ_ಗಾಣ

ನಮ್ಮ ಆಯಿಲ್ ಮಿಲ್ಲಿನ ಎಕ್ಸ್‌ಪೆಲ್ಲರ್‌ನಲ್ಲೂ ಇದೇ ತೊಂದರೆ. ಬೇರಿಂಗ್ ಕೈ ಇಡಲಾರದಷ್ಟು ಬಿಸಿ, ಹೊರ ರಿಂಗ್ ಹೌಸಿಂಗ್ ಒಳಗೇ ಸುತ್ತುತ್ತದೆ. ಫಿಟ್ಟರ್ ಬೋರಿನೊಳಗೆ ಸೆಂಟರ್ ಪಂಚಿನಿಂದ ಚುಕ್ಕಿ ಹೊಡೆದು ಕೂರಿಸಿದ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ನಾವು N7 ಮಾಡಿಸಿದರೆ ನಿಲ್ಲುತ್ತದೆಯಾ?

ಹರಿಹರದ_ಹಳಬ

ನಿಮ್ಮದು ಡ್ರಾಯಿಂಗ್ ಓದುವ ಪ್ರಶ್ನೆ ಅಲ್ಲ, ಬೋರ್ ಸವೆದಿರುವ ಪ್ರಶ್ನೆ. ಪಂಚ್ ಹೊಡೆದಾಗ ಏಳುವ ಉಬ್ಬುಗಳ ಮೇಲೆ ಮಾತ್ರ ರಿಂಗ್ ಕೂತಿರುತ್ತದೆ, ಅವು ಬೇಗ ಸವೆಯುತ್ತವೆ. ಬೋರನ್ನು ಅಡ್ಡಕ್ಕೂ ಉದ್ದಕ್ಕೂ ಬೋರ್ ಗೇಜಿನಲ್ಲಿ ಅಳೆಯಿರಿ. ಬೇರಿಂಗ್ ನಂಬರ್ ಜೊತೆ ಆ ಎರಡು ಅಳತೆ ಹಾಕಿ ಬೇರೆ ಪ್ರಶ್ನೆ ಕೇಳಿ. ಅಳತೆ ಇಲ್ಲದೆ N7 ಅಂತ ನಾನು ಹೇಳಲಾರೆ.

ಕ್ಯಾಡ್_ಹುಡುಗ

ಟೈಟ್ ವಿಷಯ ಒಪ್ಪಿದೆ ಸರ್. ಪಿಕ್ಸೆಲ್ ಲೆಕ್ಕ ಯಾಕೆ ಬೇಡ? ನಾನು ಫೋಟೋ ಡೌನ್‌ಲೋಡ್ ಮಾಡಿ ಅಳೆದೆ. 52ರ ಸರ್ಕಲ್ ಅಗಲ 412 ಪಿಕ್ಸೆಲ್, ಎತ್ತರ 396.

ಹರಿಹರದ_ಹಳಬ

ನೀನು ಅಳೆದದ್ದರಲ್ಲೇ ಉತ್ತರ ಇದೆ. ಸರ್ಕಲ್ ಅಗಲಕ್ಕೂ ಎತ್ತರಕ್ಕೂ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ. ಅಂದರೆ ಕ್ಯಾಮೆರಾ ಓರೆಯಾಗಿ ಹಿಡಿದಿದ್ದಾರೆ. ಪ್ಲೇಟಿನ 110 ಎತ್ತರವನ್ನು ಅಗಲದ ಲೆಕ್ಕದಲ್ಲಿ ಅಳೆದರೆ ನಾಲ್ಕು ಎಂಎಂಗೂ ಜಾಸ್ತಿ ತಪ್ಪುತ್ತದೆ. ಹಾಳೆಯ ದೂರದ ತುದಿಯಲ್ಲಿ ತಪ್ಪು ಬೇರೆಯದೇ ಆಗಿರುತ್ತದೆ.

ಹಾಗಂತ ಪಿಕ್ಸೆಲ್ ಪೂರ್ತಿ ದಂಡ ಅಲ್ಲ. ಅಂಕಿ ಮಸುಕಾದಾಗ ಅನುಮಾನ ಕಳೆಯಲು ಬರುತ್ತದೆ. ಬುಡದಿಂದ ಸೆಂಟರ್‌ಗೆ ಇರುವ ಅಳತೆ ನನಗೆ 62ರ ಹಾಗೂ ಕಂಡಿತು, 82ರ ಹಾಗೂ ಕಂಡಿತು. ಸೆಂಟರಿಂದ ಮೇಲಕ್ಕೆ 48, ಒಟ್ಟು 110 ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಕೂಡಿ ನೋಡಿದರೆ ಅದು 62. ಕೂಡುವ ಲೆಕ್ಕ ಸಿಕ್ಕಲ್ಲಿ ಪಿಕ್ಸೆಲ್ ಬೇಕಿಲ್ಲ. ಸಿಗದಿದ್ದಾಗ 62 ಮತ್ತು 82ರಂಥ ದೊಡ್ಡ ಅಂತರಕ್ಕೆ ಮಾತ್ರ ಬಳಸು.

ಲೇತ್‌ಮನೆಯವರೇ, ಬೋರನ್ನು 51.9ಕ್ಕೆ ತಂದು ನಿಲ್ಲಿಸಿ. ಆ ಮೇಲೆ H ಆದರೂ N ಆದರೂ ಅಲ್ಲಿಂದ ಹೋಗಬಹುದು. H7 ಮಾಡಿದ ಮೇಲೆ N7ಗೆ ವಾಪಸ್ ಬರಲು ಆಗಲ್ಲ. ಪಾರ್ಟಿಗೆ ಹೇಳಿ, ಕೆಳಗಿನ ಮೂಲೆಯ ಫೋಟೋ ಬೇರೆಯಾಗಿ, ನೇರ ಮೇಲಿನಿಂದ ತೆಗೆದು, ಫೋಟೋ ಅಂತಲ್ಲದೆ ಡಾಕ್ಯುಮೆಂಟ್ ಅಂತ ಕಳಿಸಲಿ. ಒತ್ತಿ ಸಣ್ಣದಾಗದೆ ಬರುತ್ತದೆ. ಎರಡು ಬ್ರಾಕೆಟ್ಟೂ ಒಂದೇ ಥರವೋ ಅಂತಲೂ ಕೇಳಿ. ಕಿವಿ ಇರುವ ಪೀಸ್ ಶಾಫ್ಟಿನ ಎರಡು ತುದಿಗೂ ಒಂದೇ ಥರ ಇರೋದು ಅನುಮಾನ.

ಲೇತ್‌ಮನೆ_ದಾವಣಗೆರೆ

ಎಲ್ಲರಿಗೂ ಅಪ್‌ಡೇಟ್. ಇವತ್ತು ಮೂಲೆಯ ಫೋಟೋ ಬಂತು. ತುಂಡು ಕೋನಿನ ಗುರುತಿದೆ, ಜೋಡಿ ಸರ್ಕಲ್ ಕೋನಿನ ದಪ್ಪ ತುದಿಯ ಪಕ್ಕ ಇದೆ.

ಅದರ ಮೇಲೆ ಒಂದು ಸಾಲು: ಒಂದು ಇದೇ ರೀತಿ, ಒಂದು ಆಪೋಸಿಟ್ ಹ್ಯಾಂಡ್. ಪಾರ್ಟಿಯೇ ಆ ಸಾಲು ಗಮನಿಸಿರಲಿಲ್ಲ. ಅಂದರೆ ನಾನು ಮೊದಲು ಮಾಡಿದ ಪೀಸ್ ಎರಡನೇ ತುದಿಗೆ ಆಗುತ್ತದೆ ಅಲ್ವಾ? ಬ್ರಾಕೆಟ್ ಫ್ರೇಮಿಗೇ ಬೋಲ್ಟ್, ಶಾಫ್ಟ್ ತಿರುಗುತ್ತದೆ. ಬೋರ್ H7 ಅಂತ ಪಾರ್ಟಿ ಹೊಸ ಫೋಟೋದಲ್ಲಿ ಓದಿ ಹೇಳಿದರು.

ಹರಿಹರದ_ಹಳಬ

ಗುರುತು ಫಸ್ಟ್ ಆಂಗಲ್ಲೇ. ದಪ್ಪ ತುದಿಯ ಪಕ್ಕ ಸರ್ಕಲ್ ಇದ್ದರೆ ಫಸ್ಟ್, ಸಣ್ಣ ತುದಿಯ ಪಕ್ಕ ಇದ್ದರೆ ಥರ್ಡ್. ನಿಮ್ಮ ಮೊದಲ ಪೀಸ್ ಸರಿಯಾಗಿ ಕನ್ನಡಿಯ ಬಿಂಬ, ಎರಡನೇ ತುದಿಗೆ ಆಗುತ್ತದೆ. ಬಿಸಾಡಬೇಡಿ.

ಒಂದೇ ಬಾಕಿ. ಆ 62ಕ್ಕೆ ಟಾಲರೆನ್ಸ್ ಎಷ್ಟು? ಏನೂ ಬರೆಯದೆ ಮೂಲೆಯಲ್ಲಿ ISO 2768-m ಅಂತಿದ್ದರೆ 62ಕ್ಕೆ ±0.3 ಬರುತ್ತದೆ. ಒಂದು ಬ್ರಾಕೆಟ್ ಮೇಲಿನ ಮಿತಿಗೆ, ಇನ್ನೊಂದು ಕೆಳಗಿನ ಮಿತಿಗೆ ಹೋದರೆ ಎರಡು ತುದಿಗೂ 0.6 ಎಂಎಂ ಏರುತಗ್ಗು. 6205 ಓರೆ ಶಾಫ್ಟ್ ಸಹಿಸುವ ಬೇರಿಂಗ್ ಅಲ್ಲ.

ಲೇತ್‌ಮನೆ_ದಾವಣಗೆರೆ

ಮೂಲೆಯಲ್ಲಿ 2768-m ಇದೆ ಸರ್. ಆದರೆ 62ರ ಪಕ್ಕ ಏನೋ ಸಣ್ಣ ಅಂಕಿ ಇದೆ, ಹಾಳೆಯ ಮಡಿಕೆ ಸರಿಯಾಗಿ ಅದರ ಮೇಲೇ ಬಂದು ಸವೆದುಹೋಗಿದೆ. ಪಾರ್ಟಿ ಕಣ್ಣಿಗೂ ಕಾಣುತ್ತಿಲ್ಲವಂತೆ. ಎರಡು ಬ್ರಾಕೆಟ್ಟನ್ನೂ ಒಂದೇ ಆಂಗಲ್ ಪ್ಲೇಟಿಗೆ ಕಟ್ಟಿ, ಬುಡವನ್ನು ಒಂದೇ ಸ್ಟಾಪ್‌ಗೆ ತಾಗಿಸಿ ಬೋರ್ ಮಾಡುತ್ತೇನೆ. ಎರಡರ ಎತ್ತರ ಒಂದೇ ಬರುತ್ತದೆ. ಹಳೇ ಬ್ರಾಕೆಟ್ ಇನ್ನೂ ಮೆಷಿನ್ ಮೇಲೇ ಇದೆಯಂತೆ, ಭಾನುವಾರ ಚನ್ನಗಿರಿಗೆ ಹೋಗಿ ಅದರ ಎತ್ತರ ಅಳೆದುಕೊಂಡು ಬರುತ್ತೇನೆ.